ಅಜ್ಜಿಯ ವಾಯ್ಸ್ ನೋಟ್ ಬಂತು, ಅಜ್ಜಿಯ ದನಿ ಬರಲಿಲ್ಲ

ಲಕ್ಷಣ ಇಷ್ಟು. ವಾಟ್ಸ್‌ಆ್ಯಪ್‌ನಲ್ಲಿ 48 ಸೆಕೆಂಡಿನ ವಾಯ್ಸ್ ನೋಟ್ ಬಂದಿದೆ. ಒತ್ತಿದರೆ ಓಡುತ್ತದೆ, ಸೆಕೆಂಡುಗಳು ಏರುತ್ತವೆ, 48ಕ್ಕೆ ಬಂದು ನಿಲ್ಲುತ್ತದೆ. ಮಧ್ಯೆ ಒಂದು ಮಾತಿಲ್ಲ, ಕೆಮ್ಮಿಲ್ಲ, ಹಿಂದೆ ಸುರಿಯಬೇಕಾದ ಮಳೆಯ ಸದ್ದೂ ಇಲ್ಲ. ಕಳಿಸಿದವಳು ಸಕಲೇಶಪುರದಾಚೆ ಹೆತ್ತೂರು ಕಡೆ ಇರುವ ನಮ್ಮಜ್ಜಿ. ಹಾಸನದಲ್ಲಿ ಕೂತು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದವಳು ನಾನು.

ಅಜ್ಜಿ ಸುಮ್ಮನೆ 48 ಸೆಕೆಂಡು ಮಾತಾಡುವವಳಲ್ಲ. ಅವಳ ಮಾಮೂಲಿ ನೋಟು ಏಳೆಂಟು ಸೆಕೆಂಡಿನದು: 'ಉಂಡ್ಯಾ ಮಗಾ? ನಾವು ಉಂಡೋ. ಇಡ್ಲಾ?' ಅಷ್ಟರಲ್ಲಿ ಮುಗಿಯುತ್ತದೆ. ಇಷ್ಟುದ್ದ ಹೇಳಿದ್ದಾಳೆಂದರೆ ವಿಷಯ ಇದೆ ಎಂದೇ ಅರ್ಥ. ಅದು ಜುಲೈ ತಿಂಗಳ ರಾತ್ರಿ, ಆ ಕಡೆ ಜೋರು ಮಳೆ. ಮದುವೆ ವಿಡಿಯೋಗಳ ಧ್ವನಿ ತಿದ್ದುವುದೇ ನನ್ನ ಹೊಟ್ಟೆಪಾಡಾದ್ದರಿಂದ ಲ್ಯಾಪ್‌ಟಾಪೂ ಹೆಡ್‌ಫೋನೂ ಕೈಯಳತೆಯಲ್ಲೇ ಇದ್ದವು. ಇದೇ ತೊಂದರೆ ಬೇರೆಯವರಿಗೂ ಬರುತ್ತದೆ, ಬಂದವರು ನೇರವಾಗಿ ರಿಪೇರಿ ಅಂಗಡಿಗೆ ಹೋಗುತ್ತಾರೆ. ಅದಕ್ಕೇ ಹುಡುಕಿದ ದಾರಿಯನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು: ತೊಂದರೆ ಯಾರ ಫೋನಿನದು?

ಕೇಳುವವರ ಫೋನಿನಲ್ಲೇ ಎಡವಟ್ಟಿರಬಹುದು. ದನಿ ಬ್ಲೂಟೂತ್ ಇಯರ್‌ಫೋನಿಗೆ ಹೋಗುತ್ತಿದ್ದು, ಆ ಇಯರ್‌ಫೋನ್ ಬ್ಯಾಗಿನೊಳಗೆ ಬಿದ್ದಿರಬಹುದು. ಇಲ್ಲವೇ ಪರದೆಯ ಮೇಲ್ತುದಿಯಲ್ಲಿರುವ ಸೆನ್ಸರನ್ನು ಬೆರಳೋ ಕವರೋ ಮುಚ್ಚಿ, ಫೋನು 'ಕಿವಿಗೆ ಹಿಡಿದಿದ್ದಾರೆ' ಎಂದುಕೊಂಡು ದೊಡ್ಡ ಸ್ಪೀಕರ್ ಬಿಟ್ಟು ಮೇಲಿನ ಸಣ್ಣ ಸ್ಪೀಕರಿನಲ್ಲಿ ಪಿಸುಗುಡುತ್ತಿರಬಹುದು. ಇದನ್ನು ತೀರ್ಮಾನಿಸಲು ಇನ್ನೊಬ್ಬರು ಕಳಿಸಿದ ಯಾವುದಾದರೂ ನೋಟನ್ನು ಹಾಕಿ ನೋಡಿದರೆ ಸಾಕು. ನನ್ನ ಫೋನಿನಲ್ಲಿ ಗೆಳತಿಯ ನೋಟು ಗಂಟೆ ಹೊಡೆದಂತೆ ಕೇಳಿತು. ಅಲ್ಲಿಗೆ ನನ್ನ ಕಡೆಯದು ಮುಗಿಯಿತು.

ಇನ್ನೊಂದು ಸುಳಿವು ಕಣ್ಣಿಗೇ ಕಾಣುತ್ತದೆ. ವಾಯ್ಸ್ ನೋಟಿನ ಉದ್ದಕ್ಕೂ ಏರಿಳಿಯುವ ಗೀಟುಗಳಿರುತ್ತವಲ್ಲ, ಮಾತಿದ್ದ ಕಡೆ ಅವು ಎತ್ತರ, ಸುಮ್ಮನಿದ್ದ ಕಡೆ ಗಿಡ್ಡ. ಅಜ್ಜಿಯ ಹಳೆಯ ನೋಟುಗಳಲ್ಲಿ 'ಮಗಾ' ಎನ್ನುವ ಕಡೆಯೆಲ್ಲ ಗೀಟು ಮೇಲೆದ್ದಿರುತ್ತದೆ. ಈ ನೋಟಿನಲ್ಲಿ ಮೊದಲಿನಿಂದ ಕೊನೆಯವರೆಗೆ ಬರೀ ಚುಕ್ಕಿಗಳ ಸಾಲು. ನನ್ನ ಸ್ಪೀಕರ್ ಕೆಟ್ಟಿದ್ದರೆ ಗೀಟುಗಳು ಚಪ್ಪಟೆಯಾಗುತ್ತಿರಲಿಲ್ಲ. ಮೌನ ಫೈಲಿನೊಳಗೇ ಕೂತಿದೆ.

ನೆಟ್‌ವರ್ಕಿನ ಮೇಲೆ ಹಾಕಬೇಡಿ

ಅಜ್ಜಿಯ ಫೋನಿಗೆ ಕರೆ ಮಾಡಿದೆ. ಎತ್ತಿದಳು, ಆದರೆ ಆ ಕಡೆಯಿಂದ ಸದ್ದೇ ಇಲ್ಲ. ಪಕ್ಕದ ಮನೆಯಲ್ಲೇ ಇರುವ ಚಿಕ್ಕಪ್ಪನಿಗೆ ಮಾಡಿದೆ. ಅವರದು ಕೂಡಲೇ ತೀರ್ಪು: 'ಮಳೆ ಕಣವ್ವ, ಟವರ್ ಸರಿ ಇಲ್ಲ. ಬೆಳಿಗ್ಗೆ ಸರಿಹೋಯ್ತದೆ ಬಿಡು.'

ಮಲೆನಾಡಿನಲ್ಲಿ ಏನು ಕೆಟ್ಟರೂ ಟವರಿನ ತಲೆಗೆ ಕಟ್ಟುವುದು ರೂಢಿ, ಮುಕ್ಕಾಲು ಸಲ ಅದು ನಿಜವೂ ಹೌದು. ಆದರೆ ವಾಯ್ಸ್ ನೋಟಿನ ವಿಷಯದಲ್ಲಿ ನೆಟ್‌ವರ್ಕ್ ನಿರಪರಾಧಿ. ಕರೆಯಲ್ಲಿ ದನಿ ಆ ಕ್ಷಣಕ್ಕೆ ಹರಿದು ಬರುತ್ತದೆ, ಸಿಗ್ನಲ್ ಬಿದ್ದರೆ ಮಾತು ತುಂಡಾಗುತ್ತದೆ, ಗೊರಗೊರ ಎನ್ನುತ್ತದೆ. ವಾಯ್ಸ್ ನೋಟು ಹಾಗಲ್ಲ. ಅದು ಮೊದಲು ಕಳಿಸುವವರ ಫೋನಿನಲ್ಲೇ ಪೂರ್ತಿ ರೆಕಾರ್ಡ್ ಆಗಿ ಒಂದು ಫೈಲಾಗುತ್ತದೆ. ಆಮೇಲೆ ಬೀಗ ಹಾಕಿಕೊಂಡು ಹೊರಡುತ್ತದೆ. ದಾರಿಯಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೂ ನಮ್ಮ ಫೋನು ಅದನ್ನು ತೆರೆಯುವುದೇ ಇಲ್ಲ. ಹಾಗಾಗಿ ಸಿಗ್ನಲ್ ಕೆಟ್ಟರೆ ನೋಟು ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. 48 ಸೆಕೆಂಡೂ ನೆಟ್ಟಗೆ ಬಂದು, ದನಿಯೊಂದನ್ನು ಮಾತ್ರ ದಾರಿಯಲ್ಲಿ ಬಿಟ್ಟುಬರಲು ಸಾಧ್ಯವಿಲ್ಲ.

ಇದನ್ನು ಹೇಳಿದ ಮೇಲೆ ಚಿಕ್ಕಪ್ಪ ಎರಡನೇ ತೀರ್ಪು ಕೊಟ್ಟರು: 'ಹಂಗಾರೆ ಮೈಕು ಸುಟ್ಟೋಗದೆ. ಸೋಮವಾರ ಸಕಲೇಶಪುರಕ್ಕೆ ಹೋಗೋದದೆ, ಅಂಗಡೀಲಿ ಕೊಡ್ತೀನಿ.' ಇದು ತಳ್ಳಿಹಾಕುವ ಮಾತಲ್ಲ. ಬಹಳಷ್ಟು ಫೋನುಗಳಲ್ಲಿ ಕೆಳಗಿನ ಮೈಕೂ ಚಾರ್ಜರ್ ಚುಚ್ಚುವ ಜಾಗವೂ ಒಂದೇ ಸಣ್ಣ ಬೋರ್ಡಿನ ಮೇಲಿರುತ್ತವೆ. ಒದ್ದೆಯಾದರೆ ಎರಡೂ ಒಟ್ಟಿಗೆ ಹಾಳಾಗುವುದುಂಟು, ಅಂಗಡಿಯವರು ಆ ಬೋರ್ಡನ್ನೇ ಬದಲಿಸಿಬಿಡುತ್ತಾರೆ. ಆದರೆ ಬೋರ್ಡಿಗೆ ದುಡ್ಡು ಕೊಡುವ ಮೊದಲು ಮೌನ ಯಾವ ಜಾತಿಯದೆಂದು ನೋಡಬೇಕು.

ಮೌನದ ಅಳತೆ

ಇಡೀ ಹುಡುಕಾಟದ ಕೀಲಿ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೈಕು ಯಾವತ್ತೂ ಪೂರ್ತಿ ಸುಮ್ಮನಿರುವುದಿಲ್ಲ. ಅದರ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೂ, ಕವರ್ ಅಡ್ಡ ಬಂದರೂ, ತೂತಿನೊಳಗೆ ಧೂಳು ಕಟ್ಟಿದರೂ, ಮೈಕಿನದೇ ಒಂದು ಸಣ್ಣ 'ಸ್ಸ್' ಫೈಲಿನೊಳಗೆ ಇದ್ದೇ ಇರುತ್ತದೆ. ಅದರ ಹಿಂದೆ ಎಲ್ಲೋ ಮಾತಿನ ಗುಂಯ್‌ಗುಡುವಿಕೆಯೂ ಸಿಗಬಹುದು. ಫೈಲಿನಲ್ಲಿ ಆ 'ಸ್ಸ್' ಕೂಡ ಇಲ್ಲದೆ ಬರೀ ಸೊನ್ನೆಗಳಿದ್ದರೆ, ಮೈಕಿನ ಮಾತು ರೆಕಾರ್ಡ್ ಮಾಡುವ ಆ್ಯಪಿಗೆ ತಲುಪಿಯೇ ಇಲ್ಲ. ಮಧ್ಯೆ ಯಾರೋ ಬಾಗಿಲು ಹಾಕಿದ್ದಾರೆ.

ಅಳೆಯುವುದು ಹೀಗೆ. ಲ್ಯಾಪ್‌ಟಾಪಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು ನೋಟನ್ನು ಇಳಿಸಿಕೊಳ್ಳಿ. ಅದು ಓಪಸ್ ಎಂಬ ಬಗೆಯ ಧ್ವನಿ ಫೈಲು, ಇಳಿಸಿಕೊಂಡಾಗ ಹೆಸರಿನ ಕೊನೆಯಲ್ಲಿ `.ogg` ಇರುತ್ತದೆ. ಹೆಸರನ್ನು ಚಿಕ್ಕದು ಮಾಡಿಕೊಂಡು, ಉಚಿತವಾಗಿ ಸಿಗುವ `ffmpeg` ತಂತ್ರಾಂಶದಲ್ಲಿ ಈ ಒಂದು ಸಾಲು ಓಡಿಸಿ:

```
ffmpeg -i ajji.ogg -af volumedetect -f null -
```

ಪರದೆಯ ಮೇಲೆ ಉದ್ದನೆಯ ಪುರಾಣ ಬರುತ್ತದೆ. ನಮಗೆ ಬೇಕಾದ್ದು ಕೊನೆಯ ಕಡೆ ಬರುವ ಎರಡು ಸಾಲು. ಅಜ್ಜಿಯ ನೋಟಿಗೆ ಬಂದದ್ದು:

```
mean_volume: -91.0 dB
max_volume: -91.0 dB
```

ಇಲ್ಲಿ 0 ಎಂದರೆ ಅತಿ ಜೋರು. ಕೆಳಗಿಳಿದಷ್ಟೂ ಸದ್ದು ಕಮ್ಮಿ. ಈ ಅಳತೆಯಲ್ಲಿ -91 ಎಂದರೆ ತಳ, ಅದಕ್ಕಿಂತ ಕೆಳಗೆ ತೋರಿಸುವುದಿಲ್ಲ. ಸರಾಸರಿಯೂ ಅಷ್ಟೇ, ಅತಿ ಜೋರಿನ ಕ್ಷಣವೂ ಅಷ್ಟೇ ಎಂದರೆ 48 ಸೆಕೆಂಡಿನಲ್ಲಿ ಒಂದೇ ಒಂದು ಕ್ಷಣವೂ ಸೊನ್ನೆ ಬಿಟ್ಟು ಬೇರೇನೂ ಇಲ್ಲ. ಹೋಲಿಸಿ ನೋಡಲು ಅವಳದೇ ಹಿಂದಿನ ವಾರದ ನೋಟನ್ನು ಅಳೆದೆ: ಸರಾಸರಿ -27, ಅತಿ ಜೋರು -6. ಆಮೇಲೆ ನನ್ನ ಫೋನಿನ ಮೈಕಿನ ತೂತನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಬಾಯಿ ಬಿಡದೆ ರೆಕಾರ್ಡ್ ಮಾಡಿ ಅಳೆದೆ. ಅದು -58ರ ಆಸುಪಾಸು ಬಂತು, -91ರ ಹತ್ತಿರಕ್ಕೂ ಹೋಗಲಿಲ್ಲ. ಮುಚ್ಚಿದ ಮೈಕಿಗೂ ಸೊನ್ನೆಗೂ ನಡುವೆ ಅಷ್ಟು ದೂರ ಇದೆ.

ಲ್ಯಾಪ್‌ಟಾಪ್ ಇಲ್ಲದವರು ಹೆಡ್‌ಫೋನ್ ಹಾಕಿಕೊಂಡು, ವಾಲ್ಯೂಮ್ ಪೂರ್ತಿ ಏರಿಸಿ, ಕೋಣೆಯ ಫ್ಯಾನ್ ಆರಿಸಿ ಕೇಳಲಿ. ನೋಟು ಓಡುವಾಗ ಸಣ್ಣ 'ಸ್ಸ್' ಶುರುವಾಗಿ, ಮುಗಿದಾಗ ನಿಂತರೆ ಮೈಕು ಬದುಕಿದೆ, ಅದರ ಬಾಯಿ ಮುಚ್ಚಿದೆ ಅಷ್ಟೇ. ಓಡುವಾಗಲೂ ನಿಂತಾಗಲೂ ವ್ಯತ್ಯಾಸವೇ ತಿಳಿಯದಿದ್ದರೆ ಸೊನ್ನೆಯ ಅನುಮಾನ ಇಟ್ಟುಕೊಳ್ಳಬಹುದು. ಕೆಲವು ಫೋನುಗಳು ಗದ್ದಲ ಕಳೆಯುವ ಭರದಲ್ಲಿ 'ಸ್ಸ್' ಅನ್ನೂ ಒರೆಸಿಬಿಡುವುದರಿಂದ ಕಿವಿಯ ಸಾಕ್ಷಿ ಅಳತೆಯಷ್ಟು ಗಟ್ಟಿಯಲ್ಲ.

ನಿಮ್ಮ ಅಳತೆ -50, -60ರ ಕಡೆ ಬಂದರೆ ಮುಂದಿನದನ್ನು ಓದುವ ಮೊದಲು ಕವರ್ ಕಳಚಿ ಮತ್ತೆ ರೆಕಾರ್ಡ್ ಮಾಡಿ. ಫೋನಿನ ಕೆಳ ಅಂಚಿನ ಸಣ್ಣ ತೂತನ್ನು ಮೆತ್ತನೆಯ ಒಣ ಬ್ರಷ್‌ನಿಂದ ಉಜ್ಜಿ. ಸಿಮ್ ತೆಗೆಯುವ ಪಿನ್ನನ್ನು ಮಾತ್ರ ಅಲ್ಲಿಗೆ ತರಬೇಡಿ. ಸಿಮ್ ತಟ್ಟೆಯ ತೂತು, ಮೈಕಿನ ತೂತು ಎರಡೂ ನೋಡಲು ಒಂದೇ ಥರ ಇರುತ್ತವೆ. ಅವಸರದಲ್ಲಿ ಮೈಕಿಗೇ ಚುಚ್ಚಿ ಅದರ ಜಾಲರಿ ಹರಿದವರಿದ್ದಾರೆ.

ಸೊನ್ನೆ ಬಂದರೆ ಯಾರನ್ನು ಹಿಡಿಯಬೇಕು

ಮೊದಲ ಅನುಮಾನ ವಾಟ್ಸ್‌ಆ್ಯಪ್‌ಗೆ ಮೈಕಿನ ಅನುಮತಿ ಇಲ್ಲವೇನೋ ಎಂದು. ಅದನ್ನು ಸುಲಭವಾಗಿ ಬಿಡಬಹುದು. ಅನುಮತಿಯೇ ಇಲ್ಲದಿದ್ದರೆ ಆ್ಯಪ್ ರೆಕಾರ್ಡಿಂಗ್ ಶುರುವೇ ಮಾಡದೆ ಅನುಮತಿ ಕೇಳಿಕೊಂಡು ನಿಲ್ಲುತ್ತದೆ. 48 ಸೆಕೆಂಡು ಓಡಿದೆ ಎಂದರೆ ಅನುಮತಿ ಇದೆ.

ಎರಡನೆಯದು ಬೇರೊಂದು ಆ್ಯಪ್ ಮೈಕನ್ನು ಹಿಡಿದುಕೊಂಡಿರುವುದು. ಆಂಡ್ರಾಯ್ಡ್ 10ರಿಂದ ಈಚೆಗೆ ಎರಡು ಆ್ಯಪುಗಳು ಒಟ್ಟಿಗೆ ಮೈಕು ಕೇಳಿದರೆ ವ್ಯವಸ್ಥೆ ಒಂದಕ್ಕೆ ದನಿ ಕೊಟ್ಟು ಇನ್ನೊಂದಕ್ಕೆ ಸೊನ್ನೆ ಕೊಡುವುದುಂಟು, ಅದೂ ಯಾವ ಸೂಚನೆಯೂ ಇಲ್ಲದೆ. ಪರದೆ ರೆಕಾರ್ಡ್ ಮಾಡುವ ಆ್ಯಪುಗಳನ್ನು ಹಾಕಿಕೊಂಡವರು ಇದನ್ನು ನೋಡಬೇಕು. ಫೋನನ್ನು ಆರಿಸಿ ಹಚ್ಚಿದರೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಅಜ್ಜಿಯ ಫೋನಿನಲ್ಲಿ ವಾಟ್ಸ್‌ಆ್ಯಪ್, ಯೂಟ್ಯೂಬ್, ಪಂಚಾಂಗ ಬಿಟ್ಟರೆ ಬೇರೆ ಗತಿಯಿಲ್ಲ.

ಮೂರನೆಯದೇ ಮುಖ್ಯ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಇಡೀ ಫೋನಿನ ಮೈಕನ್ನು ಒಂದೇ ಗುಂಡಿಯಲ್ಲಿ ಬಂದ್ ಮಾಡುವ ಸೌಲಭ್ಯ ಇದೆ. ಪರದೆಯ ಮೇಲಿನಿಂದ ಬೆರಳೆಳೆದಾಗ ಇಳಿಯುವ ಚೌಕಗಳ ನಡುವೆ `Mic access` ಎಂಬ ಚೌಕ ಇರಬಹುದು. ಅದನ್ನು ಬಂದ್ ಮಾಡಿದರೆ ಆ್ಯಪುಗಳಿಗೆ 'ಮೈಕಿಲ್ಲ' ಎಂಬ ಉತ್ತರ ಹೋಗುವುದಿಲ್ಲ, ಸೊನ್ನೆಗಳು ಹೋಗುತ್ತವೆ. ಪಾಪ, ಆ್ಯಪು ಅದನ್ನೇ ಮಾತೆಂದು ನಂಬಿ 48 ಸೆಕೆಂಡು ಬರೆದುಕೊಳ್ಳುತ್ತದೆ. ಅಜ್ಜಿಯ ಕರೆಯೂ ಮೂಕವಾಗಿತ್ತಲ್ಲ, ಅದಕ್ಕೂ ಇದು ಹೊಂದುತ್ತದೆ.

ನಿಜ ಹೇಳಬೇಕೆಂದರೆ, ಪೂರ್ತಿ ಕಡಿದುಹೋದ ಮೈಕೂ ಕೆಲವು ಫೋನುಗಳಲ್ಲಿ ಸೊನ್ನೆಯನ್ನೇ ಕೊಡಬಹುದು. ಚಿಕ್ಕಪ್ಪನ 'ಸುಟ್ಟೋಗದೆ' ಇನ್ನೂ ಪೂರ್ತಿ ಸತ್ತಿರಲಿಲ್ಲ. ಆದರೆ ಚೌಕ ನೋಡುವುದಕ್ಕೆ ಕಾಸು ಖರ್ಚಿಲ್ಲ, ಹಾಗಾಗಿ ಅದೇ ಮೊದಲು.

ಆ ಕಡೆ ನಡೆದದ್ದು

ಚಿಕ್ಕಪ್ಪ ಗೊಣಗುತ್ತಲೇ ಕೊಡೆ ಹಿಡಿದು ಅಜ್ಜಿಯ ಮನೆಗೆ ಹೋದರು. ಅವರ ಫೋನಿನಲ್ಲೇ ನಾನು, ಕೈಯಲ್ಲಿ ಅಜ್ಜಿಯ ಫೋನು.

'ಮೇಲಿಂದ ಕೆಳಕ್ಕೆ ಎಳೀರಿ ಚಿಕ್ಕಪ್ಪ. ಎರಡು ಸಲ ಎಳೀಬೇಕು, ಪೂರ್ತಿ ಬರ್ಲಿ. ಏನೇನ್ ಕಾಣ್ತದೆ ಓದಿ.'

'ವೈಫೈ... ಬ್ಲೂಟೂತು... ಟಾರ್ಚು... ಅದ್ರ ಪಕ್ಕ ಮೈಕ್ ಆಕ್ಸೆಸ್ ಅಂತದೆ. ಕೆಳಗೆ ಸಣ್ಣದಾಗಿ `Blocked` ಅಂತ.'

ಹಿಂದಿನಿಂದ ಅಜ್ಜಿಯ ದನಿ ಕೇಳಿತು. 'ಬ್ಯಾಟ್ರಿ ಅದು. ಕರೆಂಟ್ ಹೋಗಿತ್ತು, ಬ್ಯಾಟ್ರಿ ಹಾಕಣ ಅಂತ ಒತ್ತಿದೆ. ಮೊದಲು ಹತ್ತಲಿಲ್ಲ, ಆಮೇಲೆ ಪಕ್ಕದ್ದು ಒತ್ತಿದೆ, ಹತ್ತಿತು.'

ಎಲ್ಲ ಅಲ್ಲೇ ಇತ್ತು. ಸಂಜೆ ಕರೆಂಟು ಹೋದಾಗ ಕತ್ತಲಲ್ಲಿ, ಕನ್ನಡಕವಿಲ್ಲದೆ, ಟಾರ್ಚಿನ ಚೌಕಕ್ಕೆ ಗುರಿಯಿಟ್ಟ ಬೆರಳು ಪಕ್ಕದ ಮೈಕಿನ ಚೌಕಕ್ಕೆ ಬಿದ್ದಿದೆ. ಬೆಳಕು ಬರಲಿಲ್ಲವೆಂದು ಇನ್ನೊಂದನ್ನು ಒತ್ತಿದ್ದಾಳೆ. ಟಾರ್ಚೇನೋ ಹತ್ತಿತು, ಮೈಕು ಬಂದಾಗಿಯೇ ಉಳಿಯಿತು. ಆ ಎರಡು ಚೌಕಗಳನ್ನು ಅಕ್ಕಪಕ್ಕ ಇಟ್ಟವನು ರಜೆಗೆ ಬಂದಿದ್ದ ಚಿಕ್ಕಪ್ಪನ ಮಗ. ಫೋನು ಚೆಂದ ಕಾಣಲೆಂದು ಜೋಡಿಸಿ ಹೋಗಿದ್ದನಂತೆ.

ಇಷ್ಟಾದ ಮೇಲೂ ಫೋನು ಒಮ್ಮೆ ಎಚ್ಚರಿಸಿರಬೇಕು. ಮೈಕು ಬಂದ್ ಆಗಿರುವಾಗ ರೆಕಾರ್ಡ್ ಮಾಡಲು ಹೋದರೆ `Unblock device microphone?` ಎಂಬಂಥ ಪೆಟ್ಟಿಗೆಯೊಂದು ಎದುರಿಗೆ ಬರುತ್ತದೆ, ಫೋನಿನಿಂದ ಫೋನಿಗೆ ಮಾತು ಸ್ವಲ್ಪ ಬೇರೆಯಿರಬಹುದು. ಕೇಳಿದೆ.

'ಬಂತು ಮಗಾ, ಏನೋ ಇಂಗ್ಲಿಷಲ್ಲಿ ಕೇಳ್ತು. ಗೊತ್ತಿಲ್ಲದ್ದು ಕೇಳಿದ್ರೆ ಬೇಡ ಅನ್ನು ಅಂತ ನೀನೇ ಹೇಳಿದ್ದಲ್ಲ. `Cancel` ಒತ್ತಿದೆ.'

ಹೌದು, ಬ್ಯಾಂಕಿನ ಹೆಸರಿನಲ್ಲಿ ಮೋಸದ ಸಂದೇಶಗಳು ಬರುತ್ತಿದ್ದಾಗ ಅವಳಿಗೆ ನಾವೆಲ್ಲ ಕಲಿಸಿದ ಪಾಠ ಅದು. ಅವಳು ತಪ್ಪದೆ ಪಾಲಿಸಿದ್ದಳು, ಆ ಪಾಠ ಈಗಲೂ ಸರಿಯೇ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಟ್ಟಿದ್ದರೆ ಮಾತ್ರ ಕೇಳಿದ್ದೇನೆಂದು ಅವಳೇ ಓದಿಕೊಳ್ಳುತ್ತಿದ್ದಳು. ಆ ಕೆಲಸ ಅವತ್ತು ರಾತ್ರಿಯೇ ಚಿಕ್ಕಪ್ಪನ ಕೈಯಲ್ಲಿ ಮಾಡಿಸಿದೆ.

ಚೌಕವನ್ನು ಒಮ್ಮೆ ಒತ್ತಿದಾಗ `Blocked` ಹೋಗಿ `Available` ಬಂತು. ಅಜ್ಜಿಗೆ ಒಂದು ಸಣ್ಣ ನೋಟು ಕಳಿಸಲು ಹೇಳಿದೆ. ಗೀಟುಗಳು ಎದ್ದು ನಿಂತಿದ್ದವು. ಹಿಂದೆ ಹಂಚಿನ ಮೇಲೆ ಬೀಳುವ ಮಳೆಯೂ ಚಿಕ್ಕಪ್ಪನ ಗೊಣಗಾಟವೂ ಕೇಳುತ್ತಿತ್ತು. ಅಳತೆಯಲ್ಲಿ ಸರಾಸರಿ -25. ಬೋರ್ಡು ಬದಲಿಸುವ ಮಾತು ಅಲ್ಲಿಗೆ ಬಿತ್ತು. ಚೌಕ `Available` ಆದಮೇಲೂ ಸೊನ್ನೆಯೇ ಬಂದಿದ್ದರೆ, ಫೋನನ್ನು ಆರಿಸಿ ಹಚ್ಚಿದ ಮೇಲೂ ಹಾಗೇ ಇದ್ದಿದ್ದರೆ, ಫೋನಿನ ಜೊತೆಗೇ ಬರುವ ರೆಕಾರ್ಡರ್ ಆ್ಯಪಿನಲ್ಲೂ ದನಿ ಬಾರದಿದ್ದರೆ, ಆಗ ಸೋಮವಾರ ಸಕಲೇಶಪುರಕ್ಕೆ ಹೋಗುವುದೇ ಸರಿ.

ಹೋದ 48 ಸೆಕೆಂಡು

ಆ ನೋಟಿನಿಂದ ಮಾತನ್ನು ಹೊರತೆಗೆಯಲು ಆಗುತ್ತದೆಯೇ ಎಂದರೆ, ಆಗುವುದಿಲ್ಲ. ಮೈಕಿನ ಬಾಯಿ ಮುಚ್ಚಿದ್ದ ಫೈಲಾದರೆ ದನಿಯನ್ನು ಎತ್ತರಿಸಿ, ಗದ್ದಲ ಕಳೆದು, ಅಷ್ಟಿಷ್ಟು ಮಾತು ಹಿಡಿಯಬಹುದು. ಮದುವೆ ಮನೆಯ ವಾಲಗದ ಅಡಿಯಿಂದ ಮಾಂಗಲ್ಯಧಾರಣೆಯ ಮಂತ್ರ ಎತ್ತಿ ಕೊಡುವವಳಿಗೆ ಅದು ಹೊಸದಲ್ಲ. ಆದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. 'ಮೌನವಾದ ಆಡಿಯೋ ಮರಳಿ ಪಡೆಯಿರಿ' ಎಂದು ದುಡ್ಡು ಕೇಳುವ ಆ್ಯಪುಗಳನ್ನು ನಂಬಬೇಡಿ. ಕೇಳಬೇಕಾದದ್ದು ಹೇಳಿದವರನ್ನೇ.

'ಅಷ್ಟನ್ನೂ ಈಗ ತಿರ್ಗಾ ಹೇಳ್ಬೇಕಾ?' ಎಂದು ಅಜ್ಜಿ ಮೊದಲು ಮುನಿಸಿಕೊಂಡಳು. ಆಮೇಲೆ ಹೇಳಿದಳು. ನಾಳೆ ಬೆಳಗಿನ ಬಸ್ಸಿನಲ್ಲಿ ಊರಿನವರೊಬ್ಬರು ಹಾಸನಕ್ಕೆ ಬರುತ್ತಾರೆ, ಅವರ ಕೈಯಲ್ಲಿ ಹೆಚ್ಚಿದ ಕಳಲೆ ಕಳಿಸುತ್ತಿದ್ದಾಳೆ, ಬಸ್‌ಸ್ಟ್ಯಾಂಡಿಗೆ ಬಂದು ಇಸ್ಕೊಳ್ಳಬೇಕು. ಇಸ್ಕೊಂಡ ಕೂಡಲೇ ಬೇಯಿಸುವ ಹಾಗಿಲ್ಲ. ಇವತ್ತಷ್ಟೇ ನೀರಿಗೆ ಹಾಕಿದ್ದಾಳೆ, ಇನ್ನೆರಡು ದಿನ ನೆನೆಯಬೇಕು, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಬೇಕು, ಇಲ್ಲದಿದ್ದರೆ ಕಹಿ ಹೋಗುವುದಿಲ್ಲ, ಹೊಟ್ಟೆಗೂ ಆಗದು. ಹಸಿ ಕಳಲೆಯ ವಿಷ ನೀರಿಗೆ ಬಿಟ್ಟುಹೋಗಲೆಂದೇ ಮಲೆನಾಡಿನಲ್ಲಿ ಈ ಕ್ರಮ. ಆ ನೋಟು ಮೂಕವಾಗಿಯೇ ಉಳಿದಿದ್ದರೆ ಕಳಲೆ ಬಸ್‌ಸ್ಟ್ಯಾಂಡಿನಲ್ಲೇ ಇರುತ್ತಿತ್ತು, ಇಲ್ಲವೇ ಅದೇ ದಿನ ನನ್ನ ಪಲ್ಯವಾಗುತ್ತಿತ್ತು. ಎರಡನೆಯದೇ ಹೆಚ್ಚು ಕೆಟ್ಟದ್ದು.

ಮತ್ತೆ ಆಗದಂತೆ

ಚೌಕಗಳ ಫಲಕವನ್ನು ಪೂರ್ತಿ ಇಳಿಸಿ, ಪೆನ್ಸಿಲ್ ಗುರುತನ್ನು ಒತ್ತಿ. ಚೌಕಗಳು ಜರುಗಿಸಲು ಸಿದ್ಧವಾಗುತ್ತವೆ. `Mic access` ಅನ್ನು ಬೆರಳಲ್ಲಿ ಹಿಡಿದು ಕೆಳಗಿನ, ಬಳಸದ ಚೌಕಗಳ ಗುಂಪಿಗೆ ಎಳೆದು ಬಿಡಿ. ಕ್ಯಾಮೆರಾಕ್ಕೂ ಇಂಥದೇ ಚೌಕ ಇರುತ್ತದೆ, ಅದನ್ನೂ ಜೊತೆಗೇ ಕಳಿಸಿ. ಹೀಗೆ ಮಾಡಿದರೆ ಮೈಕು ಬಂದ್ ಮಾಡುವ ಸೌಲಭ್ಯ ಫೋನಿನಿಂದ ಹೋಗುವುದಿಲ್ಲ, ಸೆಟ್ಟಿಂಗ್ಸ್‌ನ `Privacy` ಭಾಗದಲ್ಲಿ ಇದ್ದೇ ಇರುತ್ತದೆ. ಕತ್ತಲಲ್ಲಿ ಬೆರಳಿಗೆ ಮಾತ್ರ ಸಿಗುವುದಿಲ್ಲ. ಮೊದಲು ಮೈಕು `Available` ಇದೆಯೇ ನೋಡಿಕೊಂಡು ಆಮೇಲೆ ಚೌಕ ತೆಗೆಯಿರಿ. ಬಂದಾಗಿರುವಾಗಲೇ ತೆಗೆದರೆ ಮೈಕು ಬಂದಾಗಿಯೇ ಉಳಿಯುತ್ತದೆ, ಮುಂದಿನ ಸಲ ಹುಡುಕುವವರಿಗೆ ಸುಳಿವೂ ಸಿಗುವುದಿಲ್ಲ.

ಟಾರ್ಚಿನ ಚೌಕವನ್ನು ಎಲ್ಲಕ್ಕಿಂತ ಮೊದಲಿಗೆ, ಎಡಗಡೆಯ ಮೂಲೆಗೆ ತರಿಸಿದೆ. ಅಜ್ಜಿಗೆ ಅದು ಹಿಡಿಸಿದೆ. ಆದರೂ ಚಿಕ್ಕಪ್ಪ ಸೋಮವಾರ ಸಕಲೇಶಪುರಕ್ಕೆ ಹೋದವರು ಒಂದು ಸೆಲ್ಲಿನ ಬ್ಯಾಟ್ರಿಯನ್ನೇ ಕೊಂಡುತಂದು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದಾರೆ.